ಅಪಘಾತ ತನಿಖೆಯ ವಿಧಾನಗಳು: ‘ಐದು ಏಕೆ’ ಮತ್ತು ದೋಷವೃಕ್ಷ

ಅಪಘಾತ ತನಿಖೆ ಎಂದರೆ ಕಾರ್ಖಾನೆ, ರೈಲುಮಾರ್ಗ, ಗಣಿ, ಆಸ್ಪತ್ರೆ ಮೊದಲಾದ ಕೆಲಸದ ಸ್ಥಳಗಳಲ್ಲಿ ನಡೆದ ಅವಘಡದ ಕಾರಣಗಳನ್ನು ಕ್ರಮಬದ್ಧವಾಗಿ ಹುಡುಕಿ, ಅದು ಮರುಕಳಿಸದಂತೆ ಮಾಡಬೇಕಾದ ಬದಲಾವಣೆಗಳನ್ನು ಸೂಚಿಸುವ ಕಾರ್ಯ. ಇದಕ್ಕಾಗಿ ಬಳಸುವ ವಿಧಾನಗಳಲ್ಲಿ ‘ಐದು ಏಕೆ’ ಮತ್ತು ಫಾಲ್ಟ್ ಟ್ರೀ ಎಂದು ಪ್ರಸಿದ್ಧವಾಗಿರುವ ‘ದೋಷವೃಕ್ಷ’ ಇವೆರಡೂ ವ್ಯಾಪಕವಾಗಿ ಬಳಕೆಯಲ್ಲಿವೆ. ಮೊದಲನೆಯದು ಒಂದರ ಹಿಂದೆ ಒಂದರಂತೆ ‘ಏಕೆ’ ಎಂಬ ಪ್ರಶ್ನೆಯನ್ನು ಕೇಳುತ್ತಾ ಕಾರಣದ ಒಂದು ಎಳೆಯನ್ನು ಹಿಡಿದು ಸಾಗುತ್ತದೆ. ಎರಡನೆಯದು ಅವಘಡ ಸಂಭವಿಸಲು ಯಾವ ಯಾವ ಸ್ಥಿತಿಗಳು ಒಟ್ಟಿಗೆ ಕೂಡಿಬರಬೇಕಾಗಿತ್ತು ಎಂಬುದನ್ನು ಕೊಂಬೆಗಳಿರುವ ಚಿತ್ರವಾಗಿ ಬಿಡಿಸಿ ತೋರಿಸುತ್ತದೆ.

ಈ ಎರಡು ವಿಧಾನಗಳ ವ್ಯತ್ಯಾಸದಿಂದ ತನಿಖೆಯ ತೀರ್ಮಾನವೇ ಬದಲಾಗಬಹುದು. ಪ್ರಶ್ನೆಗಳ ಸರಪಳಿಯು ಬಹಳ ಸಲ ಉಪಕರಣವನ್ನು ಕೊನೆಯದಾಗಿ ಮುಟ್ಟಿದ ಕಾರ್ಮಿಕನ ಬಳಿಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಆಗ ಶಿಕ್ಷೆ ಒಬ್ಬನಿಗಾಗುತ್ತದೆ, ಅಪಾಯ ಇದ್ದಲ್ಲಿಯೇ ಉಳಿಯುತ್ತದೆ. ಈ ಲೇಖನವು 1988ರಲ್ಲಿ ಲಂಡನ್ನಿನ ಕ್ಲಾಫಮ್ ಜಂಕ್ಷನ್ ಬಳಿ ನಡೆದ ರೈಲು ಅಪಘಾತವನ್ನು ಉದಾಹರಣೆಯಾಗಿಟ್ಟುಕೊಂಡು ಎರಡೂ ವಿಧಾನಗಳನ್ನು ವಿವರಿಸುತ್ತದೆ.

## ‘ಐದು ಏಕೆ’ ವಿಧಾನ

ಈ ವಿಧಾನದ ಮೂಲವನ್ನು ಜಪಾನಿನ ಟೊಯೊಟಾ ಸಂಸ್ಥೆಯಲ್ಲಿ ಗುರುತಿಸಲಾಗುತ್ತದೆ. ಮಗ್ಗಗಳ ಸಂಶೋಧಕರಾಗಿದ್ದ ಸಕಿಚಿ ಟೊಯೊಡಾ ಅವರಿಗೆ ಇದರ ಶ್ರೇಯಸ್ಸು ಸಲ್ಲುತ್ತದೆ. ಅದೇ ಸಂಸ್ಥೆಯ ಎಂಜಿನಿಯರ್ ತೈಇಚಿ ಒಹ್ನೊ ಅವರು ಟೊಯೊಟಾದ ಉತ್ಪಾದನಾ ವ್ಯವಸ್ಥೆಯ ಬಗ್ಗೆ 1978ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಇದು ಜಗತ್ತಿಗೆ ಪರಿಚಯವಾಯಿತು.

ಒಹ್ನೊ ಅವರು ಕೊಟ್ಟ ಉದಾಹರಣೆ ಸರಳವಾದುದು. ಒಂದು ಯಂತ್ರ ನಿಂತುಹೋಗಿದೆ. ಏಕೆಂದರೆ ಹೊರೆ ಹೆಚ್ಚಾಗಿ ಫ್ಯೂಸ್ ಸುಟ್ಟಿದೆ. ಹೊರೆ ಹೆಚ್ಚಾದುದು ಬೇರಿಂಗಿಗೆ ಸಾಕಷ್ಟು ಎಣ್ಣೆ ದೊರೆಯದ ಕಾರಣ. ಎಣ್ಣೆ ದೊರೆಯದಿರುವುದು ಪಂಪು ಸರಿಯಾಗಿ ಎಳೆಯದ ಕಾರಣ. ಪಂಪು ಎಳೆಯದಿರುವುದು ಅದರ ದಂಡ ಸವೆದಿರುವ ಕಾರಣ. ದಂಡ ಸವೆದುದು, ಜಾಲರಿ ಇಲ್ಲದೆ ಲೋಹದ ಚೂರುಗಳು ಒಳಹೊಕ್ಕ ಕಾರಣ. ಮೊದಲ ಉತ್ತರಕ್ಕೇ ತೃಪ್ತರಾಗಿದ್ದರೆ ಫ್ಯೂಸನ್ನು ಮಾತ್ರ ಬದಲಿಸುತ್ತಿದ್ದರು ಮತ್ತು ಕೆಲವೇ ದಿನಗಳಲ್ಲಿ ಯಂತ್ರ ಮತ್ತೆ ನಿಲ್ಲುತ್ತಿತ್ತು. ಐದನೆಯ ಉತ್ತರದವರೆಗೆ ಹೋದುದರಿಂದ ಜಾಲರಿ ಅಳವಡಿಸುವುದೇ ಪರಿಹಾರವೆಂದು ತಿಳಿಯಿತು.

ಇಲ್ಲಿ ಐದು ಎಂಬ ಸಂಖ್ಯೆಗೆ ವಿಶೇಷ ಮಹತ್ವವಿಲ್ಲ. ಮೇಲ್ನೋಟದ ಕಾರಣದಲ್ಲಿ ನಿಲ್ಲಬಾರದೆಂಬುದಷ್ಟೇ ಅದರ ಆಶಯ. ವಿಶೇಷ ತರಬೇತಿ, ಗಣಿತ ಅಥವಾ ತಂತ್ರಾಂಶ ಬೇಕಿಲ್ಲದ ಕಾರಣ ಕೆಲಸದ ಸ್ಥಳದಲ್ಲಿಯೇ, ಕೆಲಸಗಾರರನ್ನು ಜೊತೆಗಿಟ್ಟುಕೊಂಡು, ಅರ್ಧ ಗಂಟೆಯಲ್ಲಿ ಇದನ್ನು ನಡೆಸಬಹುದು. ಒಂದು ಯಂತ್ರ, ಒಂದು ದೋಷ, ಒಂದರಿಂದ ಇನ್ನೊಂದು ನೇರವಾಗಿ ಹುಟ್ಟಿದ ಕಾರಣಗಳು ಇರುವಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಒಹ್ನೊ ಅವರ ಉದಾಹರಣೆಯ ಸರಪಳಿಯಲ್ಲಿ ಒಬ್ಬ ಮನುಷ್ಯನೂ ಬರುವುದಿಲ್ಲ ಎಂಬುದು ಗಮನಾರ್ಹ.

## ದೋಷವೃಕ್ಷ ವಿಧಾನ

ದೋಷವೃಕ್ಷವನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದ ಎಚ್. ಎ. ವಾಟ್ಸನ್ ರೂಪಿಸಿದರು. ಮಿನಿಟ್‌ಮನ್ ಎಂಬ ಕ್ಷಿಪಣಿಯ ಉಡಾವಣಾ ನಿಯಂತ್ರಣ ವ್ಯವಸ್ಥೆಯು ಆಕಸ್ಮಿಕವಾಗಿ ಕ್ಷಿಪಣಿಯನ್ನು ಹಾರಿಸಿಬಿಡುವ ಸಾಧ್ಯತೆ ಇದೆಯೇ ಎಂದು ಪರಿಶೀಲಿಸುವುದು ಆಗಿನ ಉದ್ದೇಶವಾಗಿತ್ತು. ನಂತರ ಬೋಯಿಂಗ್ ಸಂಸ್ಥೆ ಇದನ್ನು ಬೆಳೆಸಿತು. ಅಣು ವಿದ್ಯುತ್ ಸ್ಥಾವರಗಳ ಸುರಕ್ಷತೆಯ ಅಧ್ಯಯನದಲ್ಲಿ ಇದು ಮುಖ್ಯ ಸಾಧನವಾಯಿತು. ಅಮೆರಿಕದ ಅಣು ನಿಯಂತ್ರಣ ಆಯೋಗವು 1981ರಲ್ಲಿ ಇದರ ಕೈಪಿಡಿಯನ್ನು ಹೊರತಂದಿತು.

ಈ ವೃಕ್ಷವನ್ನು ಮೇಲಿನಿಂದ ಕೆಳಕ್ಕೆ ಬರೆಯಲಾಗುತ್ತದೆ. ಎಲ್ಲಕ್ಕಿಂತ ಮೇಲೆ ನಡೆದುಹೋದ ಅವಘಡವನ್ನು ಒಂದು ಚೌಕದಲ್ಲಿ ಬರೆಯುತ್ತಾರೆ. ಇದಕ್ಕೆ ಶಿಖರ ಘಟನೆ ಎನ್ನಬಹುದು. ಅದು ಸಂಭವಿಸಲು ನೇರವಾಗಿ ಬೇಕಾದ ಸ್ಥಿತಿಗಳನ್ನು ಅದರ ಕೆಳಗೆ ಬರೆದು, ಮೇಲಿನದಕ್ಕೂ ಕೆಳಗಿನವಕ್ಕೂ ನಡುವೆ ಒಂದು ದ್ವಾರವನ್ನು ಇಡುತ್ತಾರೆ. ದ್ವಾರಗಳಲ್ಲಿ ಮುಖ್ಯವಾದವು ಎರಡು.

* ‘ಮತ್ತು’ ದ್ವಾರ: ಕೆಳಗಿನ ಸ್ಥಿತಿಗಳೆಲ್ಲವೂ ಒಟ್ಟಿಗೆ ಇದ್ದರೆ ಮಾತ್ರ ಮೇಲಿನ ಘಟನೆ ಸಂಭವಿಸುತ್ತದೆ.
* ‘ಅಥವಾ’ ದ್ವಾರ: ಕೆಳಗಿನವುಗಳಲ್ಲಿ ಯಾವುದಾದರೂ ಒಂದು ಇದ್ದರೂ ಸಾಕು, ಮೇಲಿನ ಘಟನೆ ಸಂಭವಿಸುತ್ತದೆ.

ಹೀಗೆ ಇನ್ನು ಬಿಡಿಸಲಾಗದ ಮೂಲ ಘಟನೆಗಳು ದೊರೆಯುವವರೆಗೆ ಕೆಳಕ್ಕೆ ಇಳಿಯಲಾಗುತ್ತದೆ. ಶಿಖರ ಘಟನೆಯನ್ನು ಉಂಟುಮಾಡಲು ಸಾಕಾಗುವ, ಒಂದನ್ನು ತೆಗೆದರೂ ಅದು ಸಂಭವಿಸದಂತಿರುವ ಮೂಲ ಘಟನೆಗಳ ಗುಂಪಿಗೆ ‘ಕನಿಷ್ಠ ಕಟ್ ಸೆಟ್’ ಎಂದು ಹೆಸರು. ಒಂದೇ ಘಟನೆಯ ಕಟ್ ಸೆಟ್ ಇದ್ದರೆ, ಆ ಒಂದು ತಪ್ಪನ್ನು ತಡೆಯುವ ಬೇರೆ ಯಾವ ರಕ್ಷಣೆಯೂ ವ್ಯವಸ್ಥೆಯಲ್ಲಿ ಇಲ್ಲವೆಂದು ಅರ್ಥ.

## ಉದಾಹರಣೆ: ಕ್ಲಾಫಮ್ ಜಂಕ್ಷನ್ ಅಪಘಾತ

### ಘಟನೆ

1988ರ ಡಿಸೆಂಬರ್ 12ರ ಸೋಮವಾರ ಬೆಳಿಗ್ಗೆ 8 ಗಂಟೆ 10 ನಿಮಿಷದ ಸುಮಾರಿಗೆ, ಕೆಲಸಕ್ಕೆ ಹೋಗುವವರಿಂದ ತುಂಬಿದ್ದ ಒಂದು ರೈಲು ಲಂಡನ್ನಿನ ಕ್ಲಾಫಮ್ ಜಂಕ್ಷನ್ ನಿಲ್ದಾಣದ ಸಮೀಪ ಅದೇ ಹಳಿಯ ಮೇಲೆ ಮುಂದೆ ನಿಂತಿದ್ದ ಇನ್ನೊಂದು ರೈಲಿಗೆ ಹಿಂದಿನಿಂದ ಅಪ್ಪಳಿಸಿತು. ಪಕ್ಕದ ಹಳಿಯಲ್ಲಿ ಎದುರಿನಿಂದ ಬರುತ್ತಿದ್ದ ಖಾಲಿ ರೈಲೊಂದು ಹಳಿಬಿಟ್ಟ ಬೋಗಿಗಳಿಗೆ ತಗುಲಿತು. ಈ ದುರಂತದಲ್ಲಿ 35 ಜನ ಮೃತಪಟ್ಟರು, ನೂರಾರು ಜನ ಗಾಯಗೊಂಡರು.

ಮುಂದಿನ ರೈಲಿನ ಚಾಲಕನು ಸಿಗ್ನಲ್ ಒಂದು ತನ್ನ ಕಣ್ಣೆದುರಿಗೇ ಅಸಹಜವಾಗಿ ಬದಲಾದುದನ್ನು ಕಂಡು, ನಿಯಮದಂತೆ ಮುಂದಿನ ಸಿಗ್ನಲ್ಲಿನ ಬಳಿ ರೈಲನ್ನು ನಿಲ್ಲಿಸಿ, ದೂರವಾಣಿಯಲ್ಲಿ ಅದನ್ನು ವರದಿ ಮಾಡುತ್ತಿದ್ದನು. ಹಿಂದಿನ ರೈಲಿಗೆ ಕೆಂಪು ದೀಪ ಕಾಣಬೇಕಾಗಿತ್ತು, ಕಾಣಲಿಲ್ಲ. ಚಾಲಕರಿಬ್ಬರದೂ ತಪ್ಪಿರಲಿಲ್ಲ. ತಪ್ಪಿದ್ದುದು ಡಬ್ಲ್ಯುಎಫ್ 138 ಎಂಬ ಸಂಖ್ಯೆಯ ಸಿಗ್ನಲ್ಲಿನಲ್ಲಿ.

### ಸಿಗ್ನಲ್ ಕೆಲಸ ಮಾಡುವ ಬಗೆ

ಹಳಿಯನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನ ಎರಡು ಕಂಬಿಗಳಲ್ಲಿ ಅಲ್ಪ ಪ್ರಮಾಣದ ವಿದ್ಯುತ್ತನ್ನು ಹರಿಸಲಾಗುತ್ತದೆ. ಈ ವಿದ್ಯುತ್ತು ತುದಿಯಲ್ಲಿರುವ ರಿಲೇ ಎಂಬ ವಿದ್ಯುತ್ಕಾಂತದ ಸ್ವಿಚ್ಚನ್ನು ಎತ್ತಿ ಹಿಡಿದಿರುತ್ತದೆ. ರೈಲು ಬಂದಾಗ ಅದರ ಗಾಲಿಗಳು ಮತ್ತು ಅಚ್ಚುಗಳು ಎರಡೂ ಕಂಬಿಗಳನ್ನು ಜೋಡಿಸಿಬಿಡುವುದರಿಂದ ವಿದ್ಯುತ್ತು ರಿಲೇಯನ್ನು ತಲುಪುವುದಿಲ್ಲ. ರಿಲೇ ಕೆಳಗೆ ಬೀಳುತ್ತದೆ, ಹಿಂದಿನ ಸಿಗ್ನಲ್ ಕೆಂಪಾಗುತ್ತದೆ. ತಂತಿ ತುಂಡಾದರೂ, ವಿದ್ಯುತ್ತು ಹೋದರೂ ರಿಲೇ ಬೀಳುತ್ತದೆ ಮತ್ತು ಸಿಗ್ನಲ್ ಕೆಂಪಾಗುತ್ತದೆ. ಆದುದರಿಂದ ಸಾಮಾನ್ಯ ದೋಷಗಳು ರೈಲನ್ನು ನಿಲ್ಲಿಸುವ ಕಡೆಗೇ ವಾಲುತ್ತವೆ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಬೀಳಬೇಕಾದ ರಿಲೇಗೆ ಬೇರೆ ಎಲ್ಲಿಂದಲೋ ವಿದ್ಯುತ್ತು ದೊರೆತರೆ ಅದು ಎತ್ತಿದಂತೆಯೇ ಉಳಿದು, ರೈಲಿದ್ದರೂ ಹಳಿ ಖಾಲಿ ಇದೆಯೆಂದು ಹೇಳುತ್ತದೆ. ಕ್ಲಾಫಮ್‌ನಲ್ಲಿ ಆದುದು ಇದೇ.

ಆ ಪ್ರದೇಶದ ಹಳೆಯ ಸಿಗ್ನಲ್ ವ್ಯವಸ್ಥೆಯನ್ನು ಆಗ ಬದಲಿಸಲಾಗುತ್ತಿತ್ತು. ನವೆಂಬರ್ 27ರ ಭಾನುವಾರ ತಂತ್ರಜ್ಞನೊಬ್ಬನು ಹೊಸ ತಂತಿಗಳನ್ನು ಜೋಡಿಸಿದನು. ಹಳೆಯ ತಂತಿಯೊಂದನ್ನು ಎರಡೂ ತುದಿಗಳಲ್ಲಿ ಬಿಡಿಸಿ ತೆಗೆಯಬೇಕಾಗಿತ್ತು. ಅದನ್ನು ರಿಲೇಯ ಬದಿಯಲ್ಲಿ ಬಿಡಿಸಿ ಪಕ್ಕಕ್ಕೆ ಬಾಗಿಸಿದನಾದರೂ ಫ್ಯೂಸಿನ ಬದಿಯಲ್ಲಿ ಬಿಡಿಸಲಿಲ್ಲ. ಹೀಗಾಗಿ ಅದರಲ್ಲಿ ವಿದ್ಯುತ್ತು ಇನ್ನೂ ಇತ್ತು. ಎರಡು ವಾರ ಏನೂ ಆಗಲಿಲ್ಲ. ಡಿಸೆಂಬರ್ 11ರ ಭಾನುವಾರ ಪಕ್ಕದ ರಿಲೇಯೊಂದನ್ನು ಬದಲಿಸುವ ಕೆಲಸ ನಡೆದಾಗ ಆ ತಂತಿ ಅಲುಗಾಡಿ ತನ್ನ ಹಳೆಯ ಜಾಗಕ್ಕೇ ಮರಳಿ ತಾಗಿತು. ಮರುದಿನ ಬೆಳಿಗ್ಗೆ ಅಪಘಾತವಾಯಿತು.

### ಐದು ‘ಏಕೆ’ಗಳ ಮೂಲಕ

ಈ ಪ್ರಕರಣಕ್ಕೆ ಪ್ರಶ್ನೆಗಳ ಸರಪಳಿಯನ್ನು ಅನ್ವಯಿಸಿದರೆ ಅದು ಹೀಗೆ ಮೂಡುತ್ತದೆ.

1. ರೈಲು ನಿಂತಿದ್ದ ರೈಲಿಗೆ ಏಕೆ ಅಪ್ಪಳಿಸಿತು? ಸಿಗ್ನಲ್ ಕೆಂಪಾಗಿರಲಿಲ್ಲ.
2. ಸಿಗ್ನಲ್ ಏಕೆ ಕೆಂಪಾಗಲಿಲ್ಲ? ರೈಲಿದ್ದರೂ ರಿಲೇ ಬೀಳಲಿಲ್ಲ.
3. ರಿಲೇ ಏಕೆ ಬೀಳಲಿಲ್ಲ? ಹಳೆಯ ತಂತಿಯೊಂದು ತಾಗಿ ಅದಕ್ಕೆ ವಿದ್ಯುತ್ತು ದೊರೆಯಿತು.
4. ತಂತಿ ಏಕೆ ತಾಗಿತು? ಅದನ್ನು ತೆಗೆಯದೆ ಸಡಿಲವಾಗಿ ಬಿಡಲಾಗಿತ್ತು.
5. ಏಕೆ ಬಿಡಲಾಗಿತ್ತು? ತಂತ್ರಜ್ಞನು ತನ್ನ ಕೆಲಸವನ್ನು ಪೂರ್ಣಗೊಳಿಸಲಿಲ್ಲ.

ಈ ಐದು ಉತ್ತರಗಳಲ್ಲಿ ಒಂದೂ ಸುಳ್ಳಲ್ಲ. ಆ ತಂತ್ರಜ್ಞನು ತನ್ನ ತಪ್ಪನ್ನು ವಿಚಾರಣೆಯಲ್ಲಿ ಒಪ್ಪಿಕೊಂಡನು. ಆದರೂ ಇಲ್ಲಿ ನಿಂತರೆ ದೊರೆಯುವ ಪರಿಹಾರವೆಂದರೆ ಅವನನ್ನು ಶಿಕ್ಷಿಸುವುದು ಮತ್ತು ಉಳಿದವರಿಗೆ ಎಚ್ಚರಿಕೆಯ ಸುತ್ತೋಲೆ ಕಳುಹಿಸುವುದು ಮಾತ್ರ. ಮರುವಾರ ಬೇರೊಬ್ಬ ತಂತ್ರಜ್ಞನು ಅದೇ ರೀತಿಯ ತಂತಿಯನ್ನು ಬಿಟ್ಟರೆ ಅದನ್ನು ತಡೆಯುವುದು ಯಾವುದು ಎಂಬ ಪ್ರಶ್ನೆಗೆ ಈ ಸರಪಳಿಯಲ್ಲಿ ಉತ್ತರವಿಲ್ಲ.

ಸರಪಳಿಯ ದೌರ್ಬಲ್ಯ ಅದರ ಆಕಾರದಲ್ಲಿಯೇ ಇದೆ. ಪ್ರತಿ ‘ಏಕೆ’ಗೂ ಒಂದೇ ಉತ್ತರ ಬರೆಯಲು ಜಾಗವಿದೆ. ನಾಲ್ಕನೆಯ ಪ್ರಶ್ನೆಗೆ ‘ಪಕ್ಕದ ಕೆಲಸದಿಂದ ತಂತಿ ಅಲುಗಿತು’ ಎಂಬುದೂ, ‘ಪರೀಕ್ಷೆಯಲ್ಲಿ ಅದು ಪತ್ತೆಯಾಗಲಿಲ್ಲ’ ಎಂಬುದೂ ಅಷ್ಟೇ ಸರಿಯಾದ ಉತ್ತರಗಳಾಗಿದ್ದವು. ಅವುಗಳಲ್ಲಿ ಯಾವುದನ್ನು ಹಿಡಿದರೂ ಸರಪಳಿ ಬೇರೆಯದೇ ಕಡೆಗೆ ಸಾಗುತ್ತಿತ್ತು. ಹೀಗೆ ಇಬ್ಬರು ತನಿಖಾಧಿಕಾರಿಗಳು ಒಂದೇ ಘಟನೆಯಿಂದ ಎರಡು ‘ಮೂಲ ಕಾರಣ’ಗಳನ್ನು ತಲುಪಬಹುದು. ಎಲ್ಲಿ ನಿಲ್ಲಬೇಕೆಂಬುದಕ್ಕೂ ವಿಧಾನದಲ್ಲಿ ನಿಯಮವಿಲ್ಲ. ಒಬ್ಬ ವ್ಯಕ್ತಿಯ ಹೆಸರು ದೊರೆತೊಡನೆ ಉತ್ತರ ಸಿಕ್ಕಿತೆಂದು ಅನ್ನಿಸುವುದರಿಂದ ಹೆಚ್ಚಿನ ಸರಪಳಿಗಳು ಅಲ್ಲಿಯೇ ಮುಗಿಯುತ್ತವೆ.

### ದೋಷವೃಕ್ಷದ ಮೂಲಕ

ಇದೇ ಪ್ರಕರಣದ ದೋಷವೃಕ್ಷದಲ್ಲಿ ಶಿಖರ ಘಟನೆಯನ್ನು ‘ಮುಂದಿನ ಹಳಿಯಲ್ಲಿ ರೈಲು ಇದ್ದರೂ ಸಿಗ್ನಲ್ ಕೆಂಪಾಗದಿರುವುದು’ ಎಂದು ಬರೆಯಬಹುದು. ಅದರ ಕೆಳಗೆ ‘ಮತ್ತು’ ದ್ವಾರವಿದ್ದು, ಮೂರು ಕೊಂಬೆಗಳು ಬರುತ್ತವೆ.

* ಮೊದಲ ಕೊಂಬೆ: ವಿದ್ಯುತ್ತಿರುವ ಸಡಿಲ ತಂತಿ ರಿಲೇಯ ಬಳಿ ಉಳಿದಿತ್ತು. ಇದರ ಕೆಳಗೂ ‘ಮತ್ತು’ ದ್ವಾರವೇ ಇದೆ. ತಂತಿಯನ್ನು ಫ್ಯೂಸಿನ ಬದಿಯಲ್ಲಿ ಬಿಡಿಸಿರಲಿಲ್ಲ, ಮತ್ತು ರಿಲೇಯ ಬದಿಯ ತುದಿಯನ್ನು ಕತ್ತರಿಸಿ ಭದ್ರಪಡಿಸಿರಲಿಲ್ಲ. ಇವೆರಡರಲ್ಲಿ ಒಂದನ್ನು ಮಾಡಿದ್ದರೂ ತಂತಿ ನಿರಪಾಯವಾಗಿರುತ್ತಿತ್ತು.
* ಎರಡನೆಯ ಕೊಂಬೆ: ತಂತಿಯನ್ನು ಯಾವುದೋ ಅಲುಗಾಡಿಸಿತು. ಡಿಸೆಂಬರ್ 11ರಂದು ನಡೆದ ಪಕ್ಕದ ರಿಲೇಯ ಕೆಲಸ.
* ಮೂರನೆಯ ಕೊಂಬೆ: ಉಳಿದ ತಂತಿ ಯಾರ ಗಮನಕ್ಕೂ ಬರಲಿಲ್ಲ. ಇಲ್ಲಿಯೂ ‘ಮತ್ತು’ ದ್ವಾರ. ಮೇಲ್ವಿಚಾರಕನು ಕೆಲಸವನ್ನು ಪರಿಶೀಲಿಸಲಿಲ್ಲ, ಮತ್ತು ಪರೀಕ್ಷೆಯ ಹಂತದಲ್ಲಿ ತಂತಿಗಳನ್ನು ಎಣಿಸಲಿಲ್ಲ.

ತಂತಿ ಎಣಿಕೆ ಎಂಬುದು ಈ ಕೆಲಸದ ಒಂದು ನಿರ್ದಿಷ್ಟ ಹಂತ. ನಕ್ಷೆಯ ಪ್ರಕಾರ ಒಂದು ತಿರುಪಿನ ಕಂಬಕ್ಕೆ ಎರಡು ತಂತಿಗಳು ಬರಬೇಕಾಗಿದ್ದರೆ, ಕೆಲಸ ಮಾಡದ ಬೇರೊಬ್ಬನು ಅಲ್ಲಿ ಎರಡೇ ಇವೆಯೇ ಎಂದು ಎಣಿಸಿ ನೋಡಬೇಕು. ಸಿಗ್ನಲ್ ಸರಿಯಾಗಿ ಬದಲಾಗುತ್ತದೆಯೇ ಎಂದು ನೋಡುವ ಪರೀಕ್ಷೆಯಿಂದ ಹೆಚ್ಚುವರಿ ತಂತಿ ಪತ್ತೆಯಾಗುವುದಿಲ್ಲ, ಏಕೆಂದರೆ ಅದು ತಾಗುವವರೆಗೂ ಸಿಗ್ನಲ್ ಸರಿಯಾಗಿಯೇ ಕೆಲಸ ಮಾಡುತ್ತದೆ. ಫ್ಯೂಸಿನ ಬದಿಯಲ್ಲಿ ಎಣಿಸಿದ್ದರೆ ಒಂದು ತಂತಿ ಹೆಚ್ಚಾಗಿರುವುದು ಅಂದೇ ಕಾಣುತ್ತಿತ್ತು.

ಈ ವೃಕ್ಷದ ಕನಿಷ್ಠ ಕಟ್ ಸೆಟ್ ಐದು ಘಟನೆಗಳದು. ಫ್ಯೂಸಿನ ತುದಿ, ರಿಲೇಯ ತುದಿ, ಅಲುಗಾಟ, ಪರಿಶೀಲನೆಯ ಅಭಾವ, ಎಣಿಕೆಯ ಅಭಾವ ಇವೆಲ್ಲವೂ ಕೂಡಿದ್ದರಿಂದ ದುರಂತವಾಯಿತು. ಇವುಗಳಲ್ಲಿ ಮೊದಲೆರಡು ಆ ತಂತ್ರಜ್ಞನ ಕೈಯಲ್ಲಿದ್ದವು. ಕೊನೆಯ ಎರಡು ಅವನ ತಪ್ಪನ್ನು ಹಿಡಿಯಲೆಂದೇ ಇದ್ದ ರಕ್ಷಣೆಗಳು. ಸರಪಳಿಯಲ್ಲಿ ಕಾಣಿಸದೇ ಹೋದ ಪ್ರಶ್ನೆಯು ವೃಕ್ಷದಲ್ಲಿ ತಾನಾಗಿಯೇ ಮೇಲೆ ಬರುತ್ತದೆ: ಎರಡು ರಕ್ಷಣೆಗಳು ಒಂದೇ ದಿನ ಹೇಗೆ ಇಲ್ಲವಾದವು?

### ಕೊಂಬೆಗಳ ಕೆಳಗೆ ದೊರೆತದ್ದು

ಬ್ರಿಟಿಷ್ ಸರ್ಕಾರವು ಆಂಥೊನಿ ಹಿಡನ್ ಎಂಬ ಹಿರಿಯ ನ್ಯಾಯವಾದಿಯ ನೇತೃತ್ವದಲ್ಲಿ ಸಾರ್ವಜನಿಕ ವಿಚಾರಣೆ ನಡೆಸಿತು. 1989ರ ನವೆಂಬರ್‌ನಲ್ಲಿ ಪ್ರಕಟವಾದ ಅದರ ವರದಿಯು ಮೇಲಿನ ಕೊಂಬೆಗಳ ಕೆಳಗಿದ್ದುದನ್ನು ಬೆಳಕಿಗೆ ತಂದಿತು. ವಿಚಾರಣೆಯು ದೋಷವೃಕ್ಷವನ್ನು ಬಳಸಿತೆಂದು ಇದರ ಅರ್ಥವಲ್ಲ. ಮೇಲಿನ ವೃಕ್ಷವು ವಿವರಣೆಗಾಗಿ ಈ ಲೇಖನದಲ್ಲಿ ಬಿಡಿಸಿರುವುದು. ಆದರೆ ವಿಚಾರಣೆಯು ಒಂದು ಎಳೆಯಲ್ಲಿ ನಿಲ್ಲದೆ ಎಲ್ಲ ಕೊಂಬೆಗಳನ್ನೂ ಹಿಡಿದು ಹೋಯಿತು.

ತಂತ್ರಜ್ಞನು ಅನುಭವಿ ಮತ್ತು ಶ್ರದ್ಧಾವಂತ ಕೆಲಸಗಾರನೆಂದೇ ಹೆಸರಾಗಿದ್ದನು. ಹಳೆಯ ತಂತಿಯನ್ನು ಕತ್ತರಿಸದೆ ಬಾಗಿಸಿ ಬಿಡುವುದು ಅವನ ಹಲವು ವರ್ಷಗಳ ರೂಢಿ. ಆ ವರ್ಷಗಳಲ್ಲಿ ಯಾರೂ ಅದು ತಪ್ಪೆಂದು ಅವನಿಗೆ ತಿಳಿಸಿರಲಿಲ್ಲ. ಅಪಘಾತಕ್ಕೆ ಮುಂಚಿನ 13 ವಾರಗಳಲ್ಲಿ ಅವನಿಗೆ ದೊರೆತ ರಜೆ ಒಂದೇ ದಿನ. ನಿರಂತರವಾಗಿ ವಾರಾಂತ್ಯಗಳಲ್ಲಿಯೂ ದುಡಿದುದರಿಂದ ಅವನ ಏಕಾಗ್ರತೆ ಮಂದವಾಗಿತ್ತೆಂದು ವರದಿ ಅಭಿಪ್ರಾಯಪಟ್ಟಿತು. ಮೇಲ್ವಿಚಾರಕನು ಆ ದಿನ ತಾನೇ ಬೇರೆಡೆ ಕೈಕೆಲಸದಲ್ಲಿ ತೊಡಗಿದ್ದರಿಂದ ಪರಿಶೀಲಿಸಲು ಬರಲಿಲ್ಲ. ಪರೀಕ್ಷೆ ನಡೆಸಿದ ಅಧಿಕಾರಿ ತಂತಿ ಎಣಿಕೆಯನ್ನು ತನ್ನ ಕರ್ತವ್ಯವೆಂದು ಗ್ರಹಿಸಿರಲಿಲ್ಲ. ಪರೀಕ್ಷೆಯ ಲಿಖಿತ ಸೂಚನೆಗಳು ಕಾಗದದಲ್ಲಿದ್ದರೂ ಅವು ಕೆಲಸಗಾರರಿಗೆ ಸರಿಯಾಗಿ ತಲುಪಿರಲಿಲ್ಲ, ಅವುಗಳ ಬಗ್ಗೆ ತರಬೇತಿಯೂ ಆಗಿರಲಿಲ್ಲ. 1985ರಲ್ಲಿ ಆಕ್ಸ್‌ಟೆಡ್ ಬಳಿ ಇಂಥದೇ ಅಪಾಯಕರ ಸಿಗ್ನಲ್ ದೋಷಗಳು ಕಾಣಿಸಿಕೊಂಡಿದ್ದರೂ ಅವುಗಳ ಪಾಠವನ್ನು ಸಂಸ್ಥೆ ಪೂರ್ಣವಾಗಿ ಜಾರಿಗೆ ತಂದಿರಲಿಲ್ಲ.

ವರದಿಯು 93 ಶಿಫಾರಸುಗಳನ್ನು ಮಾಡಿತು. ಸ್ವತಂತ್ರ ವ್ಯಕ್ತಿಯಿಂದ ತಂತಿ ಎಣಿಕೆ ಅವುಗಳಲ್ಲಿ ಒಂದು. ಸುರಕ್ಷತೆಗೆ ಸಂಬಂಧಿಸಿದ ಕೆಲಸಗಾರರ ದುಡಿಮೆಯ ಅವಧಿಗೆ ಮಿತಿ ಹಾಕಬೇಕೆಂಬುದು ಮತ್ತೊಂದು. ಇದರಿಂದ ರೂಪುಗೊಂಡ ನಿಯಮಗಳು ಬ್ರಿಟಿಷ್ ರೈಲ್ವೆಯಲ್ಲಿ ‘ಹಿಡನ್ ಮಿತಿಗಳು’ ಎಂದೇ ಹೆಸರಾದವು. ಒಂದು ಪಾಳಿ 12 ಗಂಟೆಗಳನ್ನು, ಒಂದು ವಾರದ ಕೆಲಸ 72 ಗಂಟೆಗಳನ್ನು ಮೀರಬಾರದು, ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆ ಬಿಡುವಿರಬೇಕು, 14 ದಿನಗಳಲ್ಲಿ 13ಕ್ಕಿಂತ ಹೆಚ್ಚು ಪಾಳಿ ಇರಬಾರದು ಎಂಬುವು ಅವುಗಳ ಸಾರ. 1991ರಲ್ಲಿ ನ್ಯಾಯಾಲಯವು ಬ್ರಿಟಿಷ್ ರೈಲ್ ಸಂಸ್ಥೆಗೆ ಎರಡೂವರೆ ಲಕ್ಷ ಪೌಂಡ್ ದಂಡ ವಿಧಿಸಿತು.

## ಅಂಕಿಗಳ ಬಳಕೆ ಮತ್ತು ಅದರ ಮಿತಿ

ದೋಷವೃಕ್ಷದಲ್ಲಿ ಮೂಲ ಘಟನೆಗಳ ಸಂಭವನೀಯತೆ ತಿಳಿದಿದ್ದರೆ ಶಿಖರ ಘಟನೆಯದನ್ನು ಲೆಕ್ಕ ಹಾಕಬಹುದು. ‘ಮತ್ತು’ ದ್ವಾರದಲ್ಲಿ ಅವುಗಳನ್ನು ಗುಣಿಸಲಾಗುತ್ತದೆ. ‘ಅಥವಾ’ ದ್ವಾರದಲ್ಲಿ, ಅವು ಸಣ್ಣ ಸಂಖ್ಯೆಗಳಾಗಿದ್ದರೆ, ಕೂಡಿಸಿದರೆ ಸಾಕು.

ಲೆಕ್ಕದ ರೀತಿಯನ್ನು ತೋರಿಸಲು ಕೆಲವು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳಬಹುದು. 100 ಕೆಲಸಗಳಲ್ಲಿ ಒಮ್ಮೆ ತಂತಿ ಉಳಿದುಬಿಡುತ್ತದೆ, 10 ಪರಿಶೀಲನೆಗಳಲ್ಲಿ ಒಮ್ಮೆ ಮೇಲ್ವಿಚಾರಕನ ಕಣ್ಣಿಗೆ ಅದು ಬೀಳುವುದಿಲ್ಲ, 20 ಎಣಿಕೆಗಳಲ್ಲಿ ಒಮ್ಮೆ ತಪ್ಪಾಗುತ್ತದೆ ಎಂದಿಟ್ಟುಕೊಳ್ಳೋಣ. ಮೂರೂ ಕೂಡಿ ತಂತಿ ಪತ್ತೆಯಾಗದೆ ಉಳಿಯುವ ಸಾಧ್ಯತೆ 100 × 10 × 20, ಅಂದರೆ 20,000ದಲ್ಲಿ ಒಂದು. ಎರಡೂ ರಕ್ಷಣೆಗಳು ಇಲ್ಲದಿದ್ದರೆ ಅದು 100ರಲ್ಲಿ ಒಂದು. ತಂತ್ರಜ್ಞನು ಮೊದಲಿನಷ್ಟೇ ಎಚ್ಚರದಿಂದಿದ್ದರೂ ಅಪಾಯ 200 ಪಟ್ಟು ಹೆಚ್ಚುತ್ತದೆ. ಅವನಿಗೆ ಉಪದೇಶಿಸಿ ಅವನ ತಪ್ಪನ್ನು ಅರ್ಧಕ್ಕೆ ಇಳಿಸಿದರೂ ಇಷ್ಟು ದೊಡ್ಡ ವ್ಯತ್ಯಾಸ ದೊರೆಯುವುದಿಲ್ಲ.

ಈ ಗುಣಾಕಾರವು ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ ಸರಿ. ಕೆಲಸ ಮಾಡಿದವನೇ ಎಣಿಸಿದರೆ, ಇಲ್ಲವೇ ಎಲ್ಲರೂ ಅದೇ ದಣಿವಿನಲ್ಲಿ, ಅದೇ ಅವಸರದಲ್ಲಿ ಇದ್ದರೆ, ಒಂದು ತಪ್ಪಿದಾಗ ಇನ್ನೊಂದೂ ತಪ್ಪುವ ಸಾಧ್ಯತೆ ಹೆಚ್ಚು. ಇದನ್ನು ಸಮಾನ ಕಾರಣದ ವೈಫಲ್ಯ ಎನ್ನುತ್ತಾರೆ. ಕ್ಲಾಫಮ್‌ನಲ್ಲಿ ಸಿಬ್ಬಂದಿಯ ಮೇಲಿನ ಒತ್ತಡವು ಒಂದಕ್ಕಿಂತ ಹೆಚ್ಚು ಕೊಂಬೆಗಳ ಬುಡದಲ್ಲಿತ್ತು. ಯಂತ್ರದ ಬಿಡಿಭಾಗಗಳ ವೈಫಲ್ಯದ ಪ್ರಮಾಣ ದಾಖಲೆಗಳಿಂದ ದೊರೆಯಬಹುದಾದರೂ ಮನುಷ್ಯರ ತಪ್ಪಿನ ಪ್ರಮಾಣ ಅಷ್ಟು ನಿಖರವಾಗಿ ದೊರೆಯುವುದಿಲ್ಲ. ಆದುದರಿಂದ ಅಪಘಾತದ ನಂತರದ ತನಿಖೆಯಲ್ಲಿ ಅಂಕಿಗಳಿಗಿಂತ ವೃಕ್ಷದ ಆಕಾರವೇ ಹೆಚ್ಚು ಉಪಯುಕ್ತ.

## ಕಾರ್ಮಿಕನ ಮೇಲೆ ದೋಷ ಹೊರಿಸುವುದನ್ನು ತಪ್ಪಿಸುವುದು

ದೋಷವೃಕ್ಷವನ್ನು ಬಳಸಿದ ಮಾತ್ರಕ್ಕೆ ತನಿಖೆ ನ್ಯಾಯಯುತವಾಗುವುದಿಲ್ಲ. ವೃಕ್ಷದ ಕೊನೆಯ ಚೌಕದಲ್ಲಿ ‘ತಂತ್ರಜ್ಞನ ಅಜಾಗರೂಕತೆ’ ಎಂದು ಬರೆದು ಅದನ್ನು ಮೂಲ ಘಟನೆಯೆಂದು ಗುರುತಿಸಿದರೆ ಅದು ಐದನೆಯ ‘ಏಕೆ’ಯಲ್ಲಿ ನಿಂತದ್ದಕ್ಕಿಂತ ಭಿನ್ನವಲ್ಲ. ಹೀಗಾಗದಂತೆ ಕೆಲವು ಕ್ರಮಗಳನ್ನು ಅನುಸರಿಸಲಾಗುತ್ತದೆ.

ಮೊದಲನೆಯದು ಚೌಕದೊಳಗಿನ ಭಾಷೆ. ಅಲ್ಲಿ ವ್ಯಕ್ತಿಯ ಗುಣವನ್ನು ಬರೆಯದೆ ವಸ್ತುವಿನ ಸ್ಥಿತಿಯನ್ನು ಬರೆಯಬೇಕು. ‘ನಿರ್ಲಕ್ಷ್ಯ ತೋರಿದನು’ ಎಂಬುದು ತನಿಖಾಧಿಕಾರಿಯ ತೀರ್ಪು. ‘ತಂತಿಯನ್ನು ಫ್ಯೂಸಿನ ಬದಿಯಲ್ಲಿ ಬಿಡಿಸಿರಲಿಲ್ಲ’ ಎಂಬುದು ನೋಡಿ ಖಚಿತಪಡಿಸಬಹುದಾದ ಸಂಗತಿ. ತೀರ್ಪಿನ ಕೆಳಗೆ ಮತ್ತೆ ‘ಏಕೆ’ ಎಂದು ಕೇಳಲು ಏನೂ ಉಳಿಯುವುದಿಲ್ಲ, ಸಂಗತಿಯ ಕೆಳಗೆ ಕೇಳಬಹುದು.

ಎರಡನೆಯದು ಮನುಷ್ಯನ ಕ್ರಿಯೆ ಬಂದಲ್ಲಿ ಪ್ರಶ್ನೆಯನ್ನು ಬದಲಿಸುವುದು. ‘ನೀನು ಏಕೆ ಹೀಗೆ ಮಾಡಲಿಲ್ಲ?’ ಎಂಬ ಮಾತಿಗೆ ಕಾರ್ಮಿಕನಿಂದ ದೊರೆಯುವುದು ಕ್ಷಮಾಪಣೆ ಅಥವಾ ಮೌನ. ‘ಈ ಕೆಲಸವನ್ನು ಇಲ್ಲಿ ಸಾಮಾನ್ಯವಾಗಿ ಹೇಗೆ ಮಾಡುತ್ತೀರಿ? ಆಗ ನಿಮಗೆ ಏನು ಕಾಣುತ್ತಿತ್ತು? ಕೆಲಸ ಮುಗಿಯಿತೆಂದು ಹೇಗೆ ತಿಳಿಯುತ್ತಿತ್ತು?’ ಎಂದು ಕೇಳಿದರೆ ರೂಢಿ, ಅವಸರ, ಬೆಳಕಿನ ಕೊರತೆ, ತಲುಪದ ಸೂಚನಾಪತ್ರ ಎಲ್ಲವೂ ಹೊರಬರುತ್ತವೆ. ಬಾಗಿಸಿ ಬಿಡುವುದು ಹಲವು ವರ್ಷಗಳ ರೂಢಿ ಎಂಬಂಥ ಸಂಗತಿಯು ಇಂಥ ಪ್ರಶ್ನೆಗಳಿಂದಲೇ ತಿಳಿಯಲು ಸಾಧ್ಯ. ಶಿಸ್ತುಕ್ರಮದ ವಿಚಾರಣೆಯನ್ನೂ ಕಾರಣ ಹುಡುಕುವ ತನಿಖೆಯನ್ನೂ ಒಬ್ಬರೇ ನಡೆಸಿದರೆ ಈ ಉತ್ತರಗಳು ದೊರೆಯುವುದಿಲ್ಲವಾದ್ದರಿಂದ ಅವೆರಡನ್ನೂ ಬೇರೆಬೇರೆಯಾಗಿ ಇಡಲಾಗುತ್ತದೆ.

ಮೂರನೆಯದು ಬದಲಿ ಪರೀಕ್ಷೆ. ಅದೇ ತರಬೇತಿ ಮತ್ತು ಅನುಭವವುಳ್ಳ ಬೇರೊಬ್ಬನನ್ನು ಅದೇ ಸಂದರ್ಭದಲ್ಲಿ ಇರಿಸಿದರೆ ಅವನೂ ಹಾಗೆಯೇ ಮಾಡಬಹುದಿತ್ತೇ ಎಂದು ಸಹೋದ್ಯೋಗಿಗಳನ್ನು ಕೇಳಲಾಗುತ್ತದೆ. ಹೌದು ಎಂಬ ಉತ್ತರ ಬಂದರೆ ಕಾರಣವು ಸಂದರ್ಭದಲ್ಲಿದೆ, ವ್ಯಕ್ತಿಯನ್ನು ಬದಲಿಸಿ ಪ್ರಯೋಜನವಿಲ್ಲ. ಇಲ್ಲ ಎಂಬ ಉತ್ತರ ಬಂದರೆ ಆ ವ್ಯಕ್ತಿಯ ತರಬೇತಿ, ಆರೋಗ್ಯ, ನೇಮಕದ ಕಡೆಗೆ ನೋಡಬೇಕು.

ಇದರಿಂದ ವೈಯಕ್ತಿಕ ಹೊಣೆ ಇಲ್ಲವಾಗುವುದಿಲ್ಲ. ಉದ್ದೇಶಪೂರ್ವಕವಾಗಿ ಹಾನಿ ಮಾಡುವುದು, ಮದ್ಯ ಸೇವಿಸಿ ಕೆಲಸಕ್ಕೆ ಬರುವುದು, ಅಪಾಯವನ್ನು ಚೆನ್ನಾಗಿ ಅರಿತೂ ಸ್ವಂತ ಲಾಭಕ್ಕಾಗಿ ಕಡೆಗಣಿಸುವುದು ಬೇರೆ ವರ್ಗದವು. ಕ್ಲಾಫಮ್ ವರದಿಯೂ ತಂತ್ರಜ್ಞನ ತಪ್ಪನ್ನು ಮುಚ್ಚಿಡಲಿಲ್ಲ. ಅದನ್ನು ಸ್ಪಷ್ಟವಾಗಿ ದಾಖಲಿಸಿ, ಮೇಲ್ವಿಚಾರಕರಿಂದ ಆಡಳಿತದವರೆಗಿನ ಇತರರ ಲೋಪಗಳನ್ನೂ ಅದರ ಪಕ್ಕದಲ್ಲಿಯೇ ಇರಿಸಿತು.

## ಭಾರತದ ಪ್ರಕರಣಗಳು

ಸಿಗ್ನಲ್ ತಂತಿಗಳ ಕೆಲಸಕ್ಕೆ ಸಂಬಂಧಿಸಿದ ದುರಂತ ಭಾರತದಲ್ಲಿಯೂ ನಡೆದಿದೆ. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಮುಖ್ಯ ಹಳಿಯಲ್ಲಿ ಸಾಗಬೇಕಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಪಕ್ಕದ ಲೂಪ್ ಹಳಿಗೆ ತಿರುಗಿ ನಿಂತಿದ್ದ ಸರಕು ರೈಲಿಗೆ ಅಪ್ಪಳಿಸಿತು. 290ಕ್ಕೂ ಹೆಚ್ಚು ಜನ ಮೃತಪಟ್ಟರು. ಹಿಂದೆ ನಡೆದ ಸಿಗ್ನಲ್ ಮಂಡಲದ ಮಾರ್ಪಾಡಿನಲ್ಲಿಯೂ, ಆ ದಿನ ಲೆವೆಲ್ ಕ್ರಾಸಿಂಗಿನ ವಿದ್ಯುತ್ ಗೇಟನ್ನು ಬದಲಿಸುವ ಕೆಲಸದಲ್ಲಿಯೂ ಲೋಪಗಳಾಗಿದ್ದವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡಿತು. ಕೇಂದ್ರೀಯ ತನಿಖಾ ದಳವು ಮೂವರು ರೈಲ್ವೆ ನೌಕರರನ್ನು ಬಂಧಿಸಿತು.

ಇದಕ್ಕೆ ಸುಮಾರು ನಾಲ್ಕು ತಿಂಗಳು ಮುಂಚೆ, ಫೆಬ್ರವರಿ 8ರಂದು, ಕರ್ನಾಟಕದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಸಿಗ್ನಲ್ ತೋರಿಸಿದ ಮಾರ್ಗವೇ ಬೇರೆ, ಹಳಿಯ ಕವಲು ತಿರುಗಿದ್ದ ಮಾರ್ಗವೇ ಬೇರೆ ಆಗಿತ್ತು. ಚಾಲಕನು ಅದನ್ನು ಗಮನಿಸಿ ರೈಲನ್ನು ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆಯೆಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಆಗಲೇ ಪತ್ರ ಬರೆದು ಎಚ್ಚರಿಸಿದ್ದರು. ದೋಷವೃಕ್ಷದ ಭಾಷೆಯಲ್ಲಿ ಹೇಳುವುದಾದರೆ, ಹೊಸದುರ್ಗ ರೋಡಿನಲ್ಲಿ ‘ಮತ್ತು’ ದ್ವಾರದ ಕೊನೆಯ ಕೊಂಬೆಯೊಂದು ಮಾತ್ರ ಕೂಡಿಬರಲಿಲ್ಲ. ಇಂಥ ತಪ್ಪಿದ ಅಪಘಾತಗಳಿಗೂ ವೃಕ್ಷವನ್ನು ಬಿಡಿಸಿದರೆ ಉಳಿದ ಕೊಂಬೆಗಳು ದುರಂತಕ್ಕೆ ಮೊದಲೇ ಕಾಣಿಸುತ್ತವೆ.

## ಎರಡು ವಿಧಾನಗಳ ಆಯ್ಕೆ

ಸಣ್ಣ, ಒಂದೇ ಎಳೆಯ ದೋಷಗಳಿಗೆ ‘ಐದು ಏಕೆ’ ಸಾಕು. ದೋಷವೃಕ್ಷಕ್ಕೆ ವ್ಯವಸ್ಥೆಯನ್ನು ಬಲ್ಲವರು, ನಕ್ಷೆಗಳು ಮತ್ತು ಹಲವು ದಿನಗಳ ಸಮಯ ಬೇಕು. ದೊಡ್ಡ ವ್ಯವಸ್ಥೆಯ ವೃಕ್ಷವು ಅನೇಕ ಪುಟಗಳಿಗೆ ಹರಡಿ ಓದಲು ಕಷ್ಟವಾಗಬಹುದು. ಘಟನೆಗಳು ನಡೆದ ಕಾಲಕ್ರಮವನ್ನು ಅದು ಚೆನ್ನಾಗಿ ತೋರಿಸುವುದಿಲ್ಲ. ಕ್ಲಾಫಮ್‌ನ ತಂತಿ ಎರಡು ವಾರ ಸುಮ್ಮನಿದ್ದ ಸಂಗತಿಯನ್ನು ವೃಕ್ಷದ ಪಕ್ಕದಲ್ಲಿ ದಿನಚರಿಯಾಗಿ ಬೇರೆಯೇ ಬರೆಯಬೇಕಾಗುತ್ತದೆ.

ಜೀವಹಾನಿಯಾದ ಅಥವಾ ಆಗಬಹುದಾಗಿದ್ದ ಪ್ರಕರಣಗಳಲ್ಲಿ ಎರಡನ್ನೂ ಸೇರಿಸಿ ಬಳಸುವುದುಂಟು. ಮೊದಲು ವೃಕ್ಷವನ್ನು ಬಿಡಿಸಿ ಅಗತ್ಯವಾದ ಎಲ್ಲ ಸ್ಥಿತಿಗಳನ್ನು ಗುರುತಿಸಿ, ಆಮೇಲೆ ಪ್ರತಿಯೊಂದು ಮೂಲ ಘಟನೆಯ ಕೆಳಗೆ ಪ್ರತ್ಯೇಕವಾಗಿ ‘ಏಕೆ’ ಎಂದು ಕೇಳುತ್ತಾ ಇಳಿಯಲಾಗುತ್ತದೆ. ಆಗ ‘ಏಕೆ’ಗಳ ಸರಪಳಿ ಒಂದಲ್ಲ, ಹಲವು. ಒಂದು ಸರಪಳಿ ವ್ಯಕ್ತಿಯೊಬ್ಬನ ಬಳಿ ನಿಂತರೂ ಉಳಿದವು ಅವನನ್ನು ದಾಟಿ ಹೋಗುತ್ತವೆ.

ತನಿಖಾ ವರದಿ ತನ್ನ ಕೆಲಸ ಮಾಡಿದೆಯೇ ಎಂಬುದನ್ನು ಅದರ ಶಿಫಾರಸುಗಳ ಪಟ್ಟಿಯಿಂದ ತಿಳಿಯಬಹುದು. ಅಲ್ಲಿ ‘ಎಚ್ಚರಿಕೆ ನೀಡಲಾಗಿದೆ’, ‘ಮರುತರಬೇತಿಗೆ ಸೂಚಿಸಲಾಗಿದೆ’, ‘ಜಾಗರೂಕತೆಯಿಂದ ಕೆಲಸ ಮಾಡಬೇಕು’ ಎಂಬ ಸಾಲುಗಳಷ್ಟೇ ಇದ್ದರೆ, ಆ ಕಾರ್ಮಿಕನ ಜಾಗಕ್ಕೆ ಮರುದಿನ ಬರುವವನ ಎದುರಿಗೂ ಅದೇ ಅಪಾಯ ಇದೆಯೆಂದು ತಿಳಿಯಬೇಕು.